ಬೀಳಬೇಕಾದದ್ದು ಬೀಳಬೇಕು, ಪುಟಿಯಬೇಕಾದದ್ದು ಪುಟಿಯಬೇಕು

ಎಡನೀರಿನ ಕಡೆ ರಾತ್ರಿ ಗಾಳಿ ಬೀಸಿ ತೋಟದಲ್ಲಿ ಧೊಪ್ಪೆಂದು ಸದ್ದಾಯಿತೆಂದರೆ ಬೆಳಗ್ಗೆ ಅದಕ್ಕೆ ಇಬ್ಬರು ಹಕ್ಕುದಾರರು. ಒಬ್ಬರು ಬಚ್ಚಲೊಲೆಗೆ ಸೌದೆ ಹುಡುಕುವ ಅಜ್ಜಿ. ಇನ್ನೊಬ್ಬ ಬ್ಯಾಟು ಹುಡುಕುವ ಮೊಮ್ಮಗ. ಬಿದ್ದದ್ದು ತೆಂಗಿನ ಮಡಲು. ಗರಿಯ ಕಡ್ಡಿ ಹಿಡಿಸೂಡಿಗೆ ಹೋಗುತ್ತದೆ, ಅದರಲ್ಲಿ ತಕರಾರಿಲ್ಲ. ಜಗಳವೆಲ್ಲ ಬುಡದ ಆ ಅಗಲ ದಂಟಿಗೆ, ಕೊತ್ತಳಿಂಗೆಗೆ. ತೆಂಗಿನ ಮರವೊಂದು ವರ್ಷಕ್ಕೆ ಹನ್ನೆರಡರಷ್ಟು ಮಡಲು ಉದುರಿಸುತ್ತದಾದ್ದರಿಂದ ಜಗಳ ಹೆಚ್ಚು ಬೆಳೆಯುವುದಿಲ್ಲ.

ಕೊತ್ತಳಿಂಗೆ ಬ್ಯಾಟು ಕೆತ್ತುವುದು ನಮ್ಮೂರ ಹುಡುಗರಿಗೆ ಯಾರೂ ಕಲಿಸಿದ ವಿದ್ಯೆಯಲ್ಲ. ತಾನಾಗಿ ಬಿದ್ದ ಮಡಲೇ ಆಗಬೇಕು. ಹಸಿಯದನ್ನು ಕಡಿದರೆ ಭಾರಕ್ಕೆ ಕೈ ಸೋಲುತ್ತದೆ, ಒಣಗುವಾಗ ಸೊಟ್ಟಗಾಗುತ್ತದೆ. ತೀರಾ ಹಳೆಯದಾದರೆ ಒಳಗೆ ಬೆಂಡು. ಅಗಲದ ಭಾಗ ಅಲಗು, ಸಪೂರದ ಭಾಗ ಹಿಡಿ. ಒಳಮೈಯ ತಗ್ಗಿನ ಎರಡೂ ಅಂಚನ್ನು ಕತ್ತಿಯಲ್ಲಿ ಕೆತ್ತಿ ಸಮ ಮಾಡಿದರೆ ಅದೇ ಹೊಡೆಯುವ ಮೈ. ಹೊರಗಿನ ಉಬ್ಬು ಅಂಗಡಿಯ ಬ್ಯಾಟಿನ ಬೆನ್ನಿನ ಹಾಗೇ ಬೆನ್ನಾಗುತ್ತದೆ. ಹಿಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದರೆ ಮುಗಿಯಿತು. ಕ್ರಿಕೆಟಿನ ಕಾನೂನು ಮಾಡುವ ಎಂಸಿಸಿಯವರು ನೋಡಿದರೆ ಒಪ್ಪಲಿಕ್ಕಿಲ್ಲ. 2021ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದವರು ಬಿದಿರಿನ ಬ್ಯಾಟು ಮಾಡಿ ತೋರಿಸಿದಾಗ, ಬಿದಿರು ಹುಲ್ಲಿನ ಜಾತಿ, ಅಲಗು ಮರದ್ದೇ ಇರಬೇಕು ಎಂದು ನಿಯಮ ತೋರಿಸಿದವರು ಅವರು. ಮಡಲಿನ ದಂಟಂತೂ ಎಲೆಯ ತೊಟ್ಟು. ಆದರೆ ನಮ್ಮ ಅಂಗಳದಲ್ಲಿ ಅಂಪೈರ್ ಯಾರು, ಬ್ಯಾಟು ತಂದವನೇ ತಾನೇ.

ಇಷ್ಟು ಹೇಳಿದ್ದು ಬ್ಯಾಟಿನ ಮಾತು ಅಲ್ಲಿಗೆ ಬಿಡಲಿಕ್ಕೆ. ಬ್ಯಾಟು ಮಾಡುವುದು ಸುಲಭ, ಅದು ಗಟ್ಟಿಯಾಗಿದ್ದರೆ ಸಾಕು. ಆಟದ ಸಾಮಾನುಗಳಲ್ಲಿ ಕಷ್ಟದವು ಬೇರೆ. ಪುಟಿಯಬೇಕಾದ ಚೆಂಡು, ಕಾಲು ತಾಗಿದೊಡನೆ ಬೀಳಬೇಕಾದ ಹರ್ಡಲ್, ಬಿದ್ದವನನ್ನು ಮೆತ್ತಗೆ ಹಿಡಿಯಬೇಕಾದ ಗುಂಡಿ. ಇವುಗಳ ಆಕಾರ ಅನುಕರಿಸಿದರೆ ಏನೂ ಬರುವುದಿಲ್ಲ. ಇವು ಹೇಗೆ ಸೋಲುತ್ತವೆ ಎನ್ನುವುದನ್ನು ಅನುಕರಿಸಬೇಕು. ಇದು ನನಗೆ ತಿಳಿಯಲು ಒಬ್ಬ ಹುಡುಗಿಯ ಮೊಣಕಾಲು ತರಚಬೇಕಾಯಿತು.

ನಾನು ಆಟದ ಮಾಸ್ಟ್ರಲ್ಲ. ಎಡನೀರಿನಿಂದ ದೂರವಿಲ್ಲದ ಒಂದು ಸಣ್ಣ ಕನ್ನಡ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದೆ. ಸಣ್ಣ ಶಾಲೆ ಎಂದ ಮೇಲೆ ಲೆಕ್ಕದವನೇ ಡ್ರಿಲ್ಲಿಗೂ ನಿಲ್ಲಬೇಕು. ಆಟದ ಸಾಮಾನು ಎಂದರೆ ಒಂದು ಕಬ್ಬಿಣದ ಪೆಟ್ಟಿಗೆ. ಅದರೊಳಗೆ ಗಾಳಿ ನಿಲ್ಲದ ಎರಡು ಫುಟ್‌ಬಾಲು, ಒಂದು ಹಗ್ಗ, ಹಿಂದಿನವರು ಬಿಟ್ಟುಹೋದ ಒಂದು ಸೀಟಿ. ಸಮಗ್ರ ಶಿಕ್ಷಾ ಯೋಜನೆ 2018ರಲ್ಲಿ ಬಂದಾಗ ಸರಕಾರಿ ಶಾಲೆಗಳ ಆಟದ ಸಾಮಾನಿಗೆಂದು ವರ್ಷಕ್ಕೆ ಕಿರಿಯ ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಕ್ಕೆ 25,000 ರೂಪಾಯಿವರೆಗೆ ಎಂದು ಇಟ್ಟರು. ಅದು ಸರಕಾರಿ ಶಾಲೆಗಳ ಲೆಕ್ಕ. ನಮ್ಮ ಕಡೆ ಕನ್ನಡ ಶಾಲೆಗಳಲ್ಲಿ ಅನುದಾನಿತವೇ ಬಹಳ. ಅಲ್ಲಿ ಚೆಂಡು ಬೇಕೆಂದರೆ ಪಿಟಿಎ ಸಭೆಯಲ್ಲಿ ತಲೆ ತಗ್ಗಿಸಿ ಕೇಳಬೇಕು.

ಮೊದಲು ಮಾಡಹೊರಟದ್ದು ಹರ್ಡಲ್. ಈ ಕಡೆ ಯಾರು ಹರ್ಡಲ್ ಮಾಡಿದರೂ ಮೊದಲು ಹೊಳೆಯುವುದು ಕೆಂಪುಕಲ್ಲು. ಕಟ್ಟಡ ಕಟ್ಟಿ ಮಿಕ್ಕ ಕಲ್ಲು ಪ್ರತಿ ಶಾಲೆಯ ಹಿಂದೆಯೂ ಇರುತ್ತದೆ. ಎರಡು ಕಲ್ಲು ನಿಲ್ಲಿಸಿ, ಮೇಲೆ ಕತ್ತಿಯಲ್ಲಿ ಸಣ್ಣ ಕಚ್ಚು ಹೊಡೆದು, ಅದರಲ್ಲಿ ಅಡಿಕೆ ಸಲಾಕೆ ಕೂರಿಸಿದೆ. ನೋಡಲಿಕ್ಕೆ ಚೆಂದವಿತ್ತು. ಆರನೆಯ ಕ್ಲಾಸಿನ ಹುಡುಗಿ ಓಡಿ ಬಂದಳು, ಹಿಂದಿನ ಕಾಲು ಸಲಾಕೆಗೆ ತಾಗಿತು. ಸಲಾಕೆ ಕಚ್ಚಿನಲ್ಲಿ ಭದ್ರವಾಗಿ ಕೂತಿತ್ತು. ಅವಳು ಮುಗ್ಗರಿಸಿ ಮುರಕಲ್ಲಿನ ನೆಲಕ್ಕೆ ಬಿದ್ದಳು. ಓಡಿಹೋಗಿ ಎತ್ತಿದರೆ ಅವಳ ದೂರು ಸ್ಪಷ್ಟವಾಗಿತ್ತು: "ಅದು ಬೀಳ್ಲೇ ಇಲ್ಲ ಮಾಸ್ಟ್ರೇ, ನಾನೇ ಬಿದ್ದೆ."

ಹರ್ಡಲ್ ಎಂದರೇನು ಎಂಬುದಕ್ಕೆ ಅದಕ್ಕಿಂತ ಸರಿಯಾದ ವಿವರಣೆ ನಾನು ಕೇಳಿಲ್ಲ. ದೊಡ್ಡ ಸ್ಪರ್ಧೆಗಳ ಹರ್ಡಲ್ ಹತ್ತು ಕಿಲೋಗಿಂತ ಕಡಿಮೆ ಇರಬಾರದು. ಆದರೂ ಮೇಲಿನ ಪಟ್ಟಿಯ ನಡುವಿಗೆ 3.6ರಿಂದ 4 ಕಿಲೋ ತೂಕದಷ್ಟು ಒತ್ತಡ ಬಿದ್ದರೆ ಅದು ಮಗುಚಬೇಕು. ಅದಕ್ಕಿಂತ ಕಡಿಮೆಗೂ ಬೀಳಬಾರದು, ಹೆಚ್ಚಿಗೂ ಕಾಯಬಾರದು. ಇದಕ್ಕಾಗಿ ಅದರ ಪಾದದಲ್ಲಿ ಹಿಂದೆ ಮುಂದೆ ಸರಿಸುವ ತೂಕದ ತುಂಡು ಇರುತ್ತದೆ. ಇನ್ನೊಂದು ಗುಟ್ಟು ಅದರ ಆಕಾರದಲ್ಲಿದೆ. ಬದಿಯಿಂದ ನೋಡಿದರೆ ಹರ್ಡಲ್ ಇಂಗ್ಲಿಷಿನ ಎಲ್ ಅಕ್ಷರ. ಪಾದ ಓಡಿಬರುವವನ ಕಡೆ ಚಾಚಿರುತ್ತದೆ, ಕಂಬ ಆಚೆ ತುದಿಯಲ್ಲಿ. ಓಟಗಾರನ ಕಾಲು ಪಟ್ಟಿಯನ್ನು ಮುಂದಕ್ಕೆ ತಳ್ಳಿದರೆ ಕಂಬದ ಬುಡವೇ ತಿರುಗಣಿಯಾಗಿ ಪಾದ ಮೇಲೇಳುತ್ತದೆ, ಹರ್ಡಲ್ ಅವನು ಓಡುವ ದಿಕ್ಕಿಗೇ ಮಲಗುತ್ತದೆ. ಅದೇ ಹರ್ಡಲನ್ನು ತಿರುಗಿಸಿಟ್ಟರೆ ಪಾದ ಊರುಗೋಲಿನ ಹಾಗೆ ಆನಿಸಿ ನಿಲ್ಲುತ್ತದೆ. ಆಗ ಬೀಳುವುದು ಮನುಷ್ಯ.

ಎರಡನೆಯ ಸಲ ಕಲ್ಲಿನ ಗೊಡವೆಗೆ ಹೋಗಲಿಲ್ಲ. ಅಡಿಕೆ ತೋಟವಿದ್ದಲ್ಲಿ ನೀರಿನ ಪೈಪಿನ ತುಂಡುಗಳಿಗೆ ಬರವಿಲ್ಲ. ಹೊಸ ಮನೆ ಕಟ್ಟಿದಲ್ಲೂ ಒಂದು ಮೂಲೆಯಲ್ಲಿ ಬಿದ್ದಿರುತ್ತವೆ. 20 ಮಿಲಿಮೀಟರಿನ ಪಿವಿಸಿ ಪೈಪಿನಲ್ಲಿ ಒಂದು ಹರ್ಡಲಿಗೆ ಬೇಕಾದದ್ದು ಎರಡೂವರೆ ಮೀಟರು: ಮೇಲಿನ ಅಡ್ಡಕ್ಕೆ 80 ಸೆಂಟಿಮೀಟರ್, ಕಂಬಗಳಿಗೆ 45ರ ಎರಡು, ಪಾದಗಳಿಗೆ 40ರ ಎರಡು. ಮೂಲೆಗೊಂದರಂತೆ ನಾಲ್ಕು ಎಲ್ಬೋ. ಎಲ್ಬೋ ಮಾತ್ರ ಅಂಗಡಿಯಿಂದ ತರಬೇಕು. ಕೆಳಗಿನ ಎರಡನ್ನು ಪೈಪಿನ ಗಮ್ ಹಚ್ಚಿ ಭದ್ರ ಮಾಡಿದೆ. ಇಲ್ಲವಾದರೆ ಪಾದಗಳು ಗಡಿಯಾರದ ಮುಳ್ಳಿನ ಹಾಗೆ ಅತ್ತಿತ್ತ ತಿರುಗುತ್ತವೆ. ಮೇಲಿನ ಎರಡಕ್ಕೆ ಗಮ್ ಹಾಕಲಿಲ್ಲ. ಜೋರಾಗಿ ಕಾಲು ಬಡಿದರೆ ಅಡ್ಡಪೈಪು ಕಳಚಿಕೊಳ್ಳಲಿ, ಮಳೆಗಾಲದಲ್ಲಿ ಬಿಚ್ಚಿ ಕಟ್ಟು ಕಟ್ಟಿ ಅಟ್ಟದಲ್ಲಿಡಲಿಕ್ಕೂ ಆಗಲಿ ಎಂದು.

ಬರೀ ಪೈಪಿನದ್ದು ಗಾಳಿಗೇ ಮಗುಚುತ್ತದೆ, ಅರ್ಧ ಕಿಲೋ ಕೂಡ ತೂಗುವುದಿಲ್ಲ. ತೂಕಕ್ಕೆ ಅರ್ಧ ಲೀಟರಿನ ನೀರಿನ ಬಾಟಲಿ ಹುಡುಕಿದೆವು. ಮದುವೆ ಊಟ ಮುಗಿದ ಚಪ್ಪರದಲ್ಲಿ ಚೀಲಗಟ್ಟಲೆ ಸಿಗುತ್ತದೆ. ಒಣ ಮರಳು ತುಂಬಿದರೆ ಒಂದೊಂದೂ ಸುಮಾರು 800 ಗ್ರಾಂ. ಪ್ರತಿ ಪಾದದ ಮೇಲೂ ಒಂದನ್ನು ಮಲಗಿಸಿ ಟ್ಯೂಬಿನ ಉಂಗುರದಿಂದ ಕಟ್ಟಿದರೆ ದೊಡ್ಡ ಹರ್ಡಲಿನ ಸರಿಯುವ ತೂಕ ಇಲ್ಲೂ ಬಂತು. ಲೆಕ್ಕದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಮಾನಿಲ್ಲ. ಮೀನಿನವರ ಸ್ಪ್ರಿಂಗ್ ತಕ್ಕಡಿ ಒಂದನ್ನು ಸಾಲ ತಂದು, ಕೊಕ್ಕೆಯನ್ನು ಅಡ್ಡಪೈಪಿನ ನಡುವೆ ಸಿಕ್ಕಿಸಿ, ಓಡುವ ದಿಕ್ಕಿಗೆ ಮೆಲ್ಲನೆ ಎಳೆಯುವುದು. ಪಾದ ನೆಲ ಬಿಡುವ ಕ್ಷಣದಲ್ಲಿ ಮುಳ್ಳು ಎಲ್ಲಿದೆ ಎಂದು ಒಬ್ಬ ಕೂಗಿ ಹೇಳುವುದು. ಬಾಟಲಿ ಕಂಬದಿಂದ ನಾಲ್ಕು ಬೆರಳು, ಎಂದರೆ ಹತ್ತು ಸೆಂಟಿಮೀಟರಿನಷ್ಟು ದೂರವಿದ್ದರೆ ನಾನೂರು ಗ್ರಾಮಿನ ಹತ್ತಿರ. ಗೇಣು ದೂರಕ್ಕೆ ಸರಿಸಿದರೆ ಎಂಟುನೂರು ದಾಟುತ್ತದೆ. ಪಾದದ ತುದಿಗೆ ಒಯ್ದರೆ ಒಂದೂಕಾಲು ಕಿಲೋ. ಎರಡೂ ಬಾಟಲಿಗಳ ಒಟ್ಟು ತೂಕವನ್ನು ಕಂಬದಿಂದ ಅವಕ್ಕಿರುವ ದೂರದಿಂದ ಗುಣಿಸಿ, ಹರ್ಡಲಿನ ಎತ್ತರದಿಂದ ಭಾಗಿಸಿದರೆ ಬರುವ ಉತ್ತರ ತಕ್ಕಡಿಯ ಉತ್ತರಕ್ಕೆ ಸಮೀಪವೇ ಬರುತ್ತದೆ. ಸನ್ನೆಕೋಲಿನ ಪಾಠವನ್ನು ಬೋರ್ಡಿನ ಮೇಲೆ ಎಷ್ಟೋ ವರ್ಷ ಬರೆದಿದ್ದೆ, ಅದನ್ನು ನಾನೇ ನಂಬಿದ್ದು ಆ ದಿನ. ಸಣ್ಣ ಮಕ್ಕಳಿಗೆ ನಾಲ್ಕು ಬೆರಳು, ದೊಡ್ಡವರಿಗೆ ಗೇಣು ಎಂದು ಪಾದದ ಮೇಲೆ ಗೆರೆ ಎಳೆದಿಟ್ಟೆವು.

ಬಿಳಿ ಪೈಪು ಓಡಿಬರುವವರ ಕಣ್ಣಿಗೆ ಸಪೂರವಾಗಿ ಕಾಣುತ್ತದೆ. ದೂರ ಅಳೆಯಲಿಕ್ಕೆ ಕಣ್ಣಿಗೆ ಅಗಲ ಪಟ್ಟಿ ಬೇಕು. ಅಲ್ಲಿಗೆ ಬಂದದ್ದು ಅಡಿಕೆ ಹಾಳೆ. ಬಿದ್ದ ಹಾಳೆ ಒಣಗಿ ಸುರುಳಿಯಾಗಿರುತ್ತದೆ. ಕಾಲು ಗಂಟೆ ನೀರಿನಲ್ಲಿ ನೆನೆಸಿ, ಬಿಡಿಸಿ, ಮೇಲೆ ಕಲ್ಲು ಹೇರಿಟ್ಟರೆ ಮರುದಿನಕ್ಕೆ ಚಪ್ಪಟೆ ಹಲಗೆ. ನಾರು ಉದ್ದಕ್ಕೆ ಓಡುವುದರಿಂದ ಉದ್ದಕ್ಕೆ ಸೀಳಿದರೆ ನೂಲು ಹಿಡಿದಂತೆ ಬರುತ್ತದೆ. ಅಂಗೈಯಗಲದ, ಏಳು ಸೆಂಟಿಮೀಟರಿನ ಪಟ್ಟಿ ಸೀಳಿ, ಸುಣ್ಣ ಬಳಿದು, ಅಡ್ಡಪೈಪಿನ ಮುಂದೆ ಕಟ್ಟಿದೆವು. ಕಾಲು ತಾಗಿದರೂ ಮೊದಲು ತಾಗುವುದು ಹಾಳೆ, ಪೈಪಲ್ಲ. ಒಣ ಹಾಳೆಯ ಅಂಚು ಬ್ಲೇಡಿನಂತಿರುತ್ತದೆ ಎಂಬುದು ಮಾತ್ರ ಒಬ್ಬನ ಬೆರಳು ಕೊಯ್ದ ಮೇಲೆ ಗೊತ್ತಾಯಿತು. ಆಮೇಲೆ ಅಂಚಿಗೆಲ್ಲ ಹಳೆಯ ಬಟ್ಟೆಯ ಪಟ್ಟಿ ಅಂಟಿಸಿದೆವು. ಆಟಿ ತಿಂಗಳಲ್ಲಿ ಹಾಳೆಗೆ ಬೂಸಲು ಹಿಡಿದು ಕರ್ರಗಾಗುತ್ತದೆ, ಅದನ್ನು ಉಳಿಸುವ ಆಸೆ ಬಿಟ್ಟು ಪ್ರತಿ ವರ್ಷ ಹೊಸದು ಸೀಳುವುದೇ ಸಲೀಸು. ಪೈಪಿಗೆ ಮಳೆಯ ಭಯವಿಲ್ಲ, ಬಿಸಿಲಿನದ್ದಿದೆ. ಹೊರಗೆ ಬಿದ್ದ ಪಿವಿಸಿ ಎರಡು ಬೇಸಿಗೆಯಲ್ಲಿ ಹೊಳಪು ಕಳೆದುಕೊಂಡು ಉಜ್ಜಿದರೆ ಕೈಗೆ ಬಿಳಿ ಪುಡಿ ಹತ್ತುವಂತಾಗುತ್ತದೆ. ಹಾಗಾದ ಪೈಪು ಬಾಗುವುದಿಲ್ಲ, ಚೂಪು ಚೂರಾಗಿ ಸಿಡಿಯುತ್ತದೆ. ಪುಡಿ ಹತ್ತಿದ ದಿನವೇ ಅದು ಗುಜರಿಗೆ.

ಮಕ್ಕಳಿಗೆ ನಾನು ಕೊಟ್ಟ ನಿಯಮ ಒಂದೇ. ಓಡುವ ಮೊದಲು ನೋಡು, ಬಾಟಲಿ ನಿನ್ನ ಕಡೆ ಇರಬೇಕು. ಬಾಟಲಿ ಆಚೆ ಇದ್ದರೆ ಹಾರಬೇಡ. ಯಾಕೆಂದರೆ ಅಪಾಯ ಬರುವುದು ಸ್ಪರ್ಧೆಯಲ್ಲಿ ಅಲ್ಲ, ಓಡಿ ಮುಗಿಸಿದವರು ಹಿಂದೆ ಬರುವಾಗ ಅದೇ ಸಾಲನ್ನು ಉತ್ಸಾಹಕ್ಕೆ ಎದುರಿನಿಂದ ಹಾರುವಾಗ. ಇದು ಅಂಗಡಿಯ ಹರ್ಡಲಿಗೂ ಅಷ್ಟೇ ನಿಜ.

ಈಗ ಚೆಂಡು. ಚೆಂಡಿನ ಕಥೆ ಸ್ವಲ್ಪ ಉದ್ದ.

ತೆಂಗಿನ ಗರಿಯಲ್ಲಿ ಹೆಣೆದ ಚೆಂಡು ನಮ್ಮ ಎಲ್ಲರ ಬಾಲ್ಯದಲ್ಲೂ ಇದೆ. ಅದು ಪುಟಿಯುವುದಿಲ್ಲ. ಬಟ್ಟೆ ಚೆಂಡೂ ಪುಟಿಯುವುದಿಲ್ಲ. ಲಗೋರಿಗೆ ಪುಟಿಯದ ಚೆಂಡೇ ಒಳ್ಳೆಯದು, ಬೆನ್ನಿಗೆ ಬಿದ್ದರೆ ನೋಯುವುದಿಲ್ಲ, ಹೊಡೆದಲ್ಲೇ ಬಿದ್ದಿರುತ್ತದೆ. ನೆಲಕ್ಕೆ ಕುಟ್ಟಿ ಹಿಡಿಯುವ, ಗೋಡೆಗೆ ಎಸೆದು ಹಿಡಿಯುವ, ಒಂದು ಪಿಚ್ ಹಾಕಿ ಬೌಲಿಂಗ್ ಮಾಡುವ ಆಟಗಳಿಗೆ ಮಾತ್ರ ಪುಟಿತ ಬೇಕು. ಸೈಕಲ್ ಟ್ಯೂಬಿನ ಉಂಗುರಗಳ ಚೆಂಡು ಹಲವೆಡೆ ಮಾಡುತ್ತಾರೆ. ಪಂಕ್ಚರ್ ಅಂಗಡಿಯವರು ಎಸೆಯುವ ಟ್ಯೂಬನ್ನು ತಂದು, ವಾಲ್ವಿನ ಭಾಗ ತೆಗೆದು, ಸೆಂಟಿಮೀಟರ್ ಅಗಲಕ್ಕೆ ಅಡ್ಡ ಅಡ್ಡ ಕತ್ತರಿಸಿದರೆ ಒಂದು ದೊಡ್ಡ ಸೈಕಲಿನ ಟ್ಯೂಬಿನಲ್ಲಿ ನೂರೆಂಬತ್ತು ನೂರತೊಂಬತ್ತು ಉಂಗುರ. ಒಂದು ಚೆಂಡಿಗೆ ಅರುವತ್ತು ಎಂದರೆ ಮೂರು ಚೆಂಡಿನ ಸಾಮಾನು. ಕತ್ತರಿಸುವ ಮುನ್ನ ಟ್ಯೂಬನ್ನು ಜೋರಾಗಿ ಎಳೆದು ಬೆಳಕಿಗೆ ಹಿಡಿಯಬೇಕು. ಎಳೆದಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಅದು ಚೆಂಡಿಗೆ ಬಾರದು, ಎರಡೇ ದಿನಕ್ಕೆ ಉಂಗುರಗಳು ಹರಿಯುತ್ತವೆ.

ಒಳಗಿನ ತಿರುಳಿಗೆ ನಾನು ಮೊದಲು ಬಟ್ಟೆ ಹಾಕಿದೆ. ಜುಲೈ ತಿಂಗಳು. ಜಗಲಿಯಿಂದ ಹೊರಗೆ ಹಾರಿದ ಚೆಂಡು ನೀರು ಕುಡಿದು ದುಪ್ಪಟ್ಟು ಭಾರವಾಗಿ ವಾಪಸು ಬಂತು, ವಾರ ಕಳೆದರೂ ಒಣಗಲಿಲ್ಲ. ಬದಲಿ ಸಿಕ್ಕಿದ್ದು ಶಾಲೆಯ ಅಡುಗೆಕೋಣೆಯಲ್ಲಿ. ವಾರಕ್ಕೆರಡು ದಿನ ಮಕ್ಕಳಿಗೆ ಹಾಲು ಕೊಡುವುದರಿಂದ ಖಾಲಿ ಮಿಲ್ಮಾ ತೊಟ್ಟೆಗಳು ರಾಶಿ ಬೀಳುತ್ತವೆ. ಕತ್ತರಿಸಿ ಅಂದೇ ತೊಳೆದು ಒಣಗಿಸಿಟ್ಟರೆ ಸರಿ, ಒಂದು ರಾತ್ರಿ ಬಿಟ್ಟರೆ ಚೆಂಡಿಗೆ ಜನ್ಮಪೂರ್ತಿ ಹುಳಿ ವಾಸನೆ. ತೊಟ್ಟೆಗಳನ್ನು ಬಿಗಿಯಾಗಿ ಮುದ್ದೆ ಮಾಡಿ ನೂಲು ಸುತ್ತಿ ನಿಂಬೆಹಣ್ಣಿನ ಗಾತ್ರಕ್ಕೆ ತಂದು, ಮೇಲೆ ಉಂಗುರ ಏರಿಸುತ್ತ ಹೋಗುವುದು. ಪ್ರತಿ ಉಂಗುರವೂ ಹಿಂದಿನದನ್ನು ಬೇರೆ ಕಡೆ ದಾಟಬೇಕು. ಎಲ್ಲವೂ ಒಂದೇ ಎರಡು ಕಡೆ ಕೂಡಿದರೆ ಅಲ್ಲಿ ಗಂಟು ದಪ್ಪವಾಗಿ ಚೆಂಡು ಕುಂಬಳಕಾಯಿಯ ಹಾಗಾಗುತ್ತದೆ. ಜಗಲಿಯ ಸಿಮೆಂಟಿನ ಮೇಲೆ ಉರುಳಿಸಿದರೆ ತಿಳಿಯುತ್ತದೆ, ಸರಿಯಾದದ್ದು ನೇರ ಹೋಗುತ್ತದೆ, ಗಂಟಿನದ್ದು ಕುಡಿದವನ ಹಾಗೆ.

ಚೆಂಡೇನೋ ದುಂಡಗೆ ಬಂತು. ಪುಟಿತ ಸಾಲಲಿಲ್ಲ. ಟೆನಿಸಿನ ಚೆಂಡನ್ನು ಪರೀಕ್ಷಿಸುವ ಕ್ರಮವೊಂದಿದೆ. 254 ಸೆಂಟಿಮೀಟರ್ ಎತ್ತರದಿಂದ ಕಾಂಕ್ರೀಟಿಗೆ ಬಿಟ್ಟರೆ 135ರಿಂದ 147ರವರೆಗೆ ಏಳಬೇಕು, ಎಂದರೆ ಬಿದ್ದದ್ದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ನಮ್ಮ ಪರೀಕ್ಷೆ ಬಾಗಿಲ ಚೌಕಟ್ಟಿನಿಂದ. ಎರಡು ಮೀಟರಿನಿಂದ ಬಿಟ್ಟ ಚೆಂಡು ಮೊಣಕಾಲಿಗೆ ಬಂದು ನಿಂತಿತು. ಉಂಗುರ ಹೆಚ್ಚು ಹಾಕಿದೆ, ತಿರುಳು ಸಣ್ಣದು ಮಾಡಿದೆ, ಅಂಗುಲ ಎರಡಂಗುಲ ಹೆಚ್ಚಿತು ಅಷ್ಟೇ.

ತಪ್ಪು ಕೈಯದ್ದಲ್ಲ, ರಬ್ಬರಿನದ್ದು. ಈಗಿನ ಟ್ಯೂಬುಗಳಲ್ಲಿ ಬಹುಪಾಲು ಬ್ಯುಟೈಲ್ ಎಂಬ ಕೃತಕ ರಬ್ಬರು. ಅದು ಗಾಳಿಯನ್ನು ಸುಲಭಕ್ಕೆ ಸೋರಗೊಡುವುದಿಲ್ಲ, ಅದಕ್ಕೇ ಟ್ಯೂಬಿಗೆ ಅದನ್ನು ಬಳಸುತ್ತಾರೆ. ಆದರೆ ಅದರ ಸ್ವಭಾವ ಸೋಮಾರಿ. ಹಿಗ್ಗಿಸಿ ಬಿಟ್ಟರೆ ನಿಧಾನ ಹಿಂದೆ ಬರುತ್ತದೆ, ಪೆಟ್ಟಿನ ಬಲವನ್ನು ಒಳಗೇ ನುಂಗಿಕೊಳ್ಳುತ್ತದೆ. ಮರದ ಹಾಲಿನಿಂದ ಬಂದ ರಬ್ಬರು ಹಾಗಲ್ಲ, ಪಟ್ಟೆಂದು ಹಿಂದೆ ಬರುತ್ತದೆ. ಇದು ನನಗೆ ಪುಸ್ತಕದಿಂದ ಗೊತ್ತಿತ್ತು. ಪರಿಹಾರ ಗೊತ್ತಿದ್ದದ್ದು ಏಳನೆಯ ಕ್ಲಾಸಿನ ಒಬ್ಬನಿಗೆ. ಅವನ ಅಪ್ಪ ರಬ್ಬರ್ ಟ್ಯಾಪಿಂಗ್‌ಗೆ ಹೋಗುವವರು. ಮರುದಿನ ಅವನು ಚಡ್ಡಿ ಜೇಬಿನಿಂದ ತೆಗೆದದ್ದು ಒಟ್ಟುಪಾಲು.

ರಬ್ಬರ್ ಮರದ ಗೀರಿನಲ್ಲಿ ಹಾಲು ಹರಿದು ಚಿಪ್ಪಿಗೆ ಬಿದ್ದ ಮೇಲೆ, ಗೀರಿನ ಉದ್ದಕ್ಕೂ ಉಳಿದ ತೆಳು ಪಸೆ ಒಣಗಿ ರಿಬ್ಬನಿನ ಹಾಗೆ ಅಂಟಿಕೊಂಡಿರುತ್ತದೆ. ಮರುದಿನ ಹೊಸ ಗೀರು ಹಾಕುವ ಮುನ್ನ ಅದನ್ನು ಕಿತ್ತು ಬುಟ್ಟಿಗೆ ಹಾಕುತ್ತಾರೆ. ಅದೇ ಒಟ್ಟುಪಾಲು. ತೋಟದ ಮಕ್ಕಳು ಇದನ್ನು ಸುತ್ತಿ ಸುತ್ತಿ ಚೆಂಡು ಮಾಡುವುದು ಹಳೆಯ ಕಥೆ. ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಒಟ್ಟುಪಾಲು ಕಸವಲ್ಲ. ಅದಕ್ಕೆ ಕಿಲೋ ಲೆಕ್ಕದ ರೇಟಿದೆ, ಶೀಟಿಗಿಂತ ಕಡಿಮೆಯಾದರೂ ರೇಟೇ. ಕೇಳದೆ ಕಿತ್ತು ತಂದರೆ ಅದು ಕಳವು. ನಾವು ಕೇಳಿದೆವು, ಒಂದು ಮುಷ್ಟಿ ಸಿಕ್ಕಿತು.

ಬರೀ ಒಟ್ಟುಪಾಲಿನ ಚೆಂಡು ಭೂತದ ಹಾಗೆ ಪುಟಿಯುತ್ತದೆ. ಆದರೆ ಬಿಸಿಲಿಗೆ ಅಂಟಂಟಾಗುತ್ತದೆ, ಮಣ್ಣು ಮೆತ್ತಿಕೊಳ್ಳುತ್ತದೆ, ವಾಸನೆಯಂತೂ ಕೇಳಬೇಡಿ. ಹಸಿ ರಬ್ಬರಿನ ಈ ಅಂಟು ಪ್ರಪಂಚದ ಹಳೆಯ ಸಮಸ್ಯೆ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಸೇರಿಸಿ ಕಾಯಿಸುವ ಉಪಾಯ ಕಂಡುಕೊಳ್ಳುವವರೆಗೂ ಯುರೋಪು ಅಮೆರಿಕದವರ ರಬ್ಬರಿನ ಸಾಮಾನೆಲ್ಲ ಸೆಕೆಗೆ ಕರಗುತ್ತಿತ್ತು. ಆದರೆ ಅವನಿಗಿಂತ ಮೂರು ಸಾವಿರ ವರ್ಷಕ್ಕೂ ಹಿಂದೆ ಮೆಕ್ಸಿಕೋದ ಕಡೆಯ ಜನ ರಬ್ಬರ್ ಚೆಂಡಿನಲ್ಲಿ ಆಡುತ್ತಿದ್ದರು. ಎಲ್ ಮನಾತಿ ಎಂಬಲ್ಲಿ ಕೆಸರಿನೊಳಗೆ ಸಿಕ್ಕಿದ ಚೆಂಡುಗಳು ಕ್ರಿಸ್ತಪೂರ್ವ 1600ರ ಸುಮಾರಿನವು. ಅವರು ಮರದ ಹಾಲಿಗೆ ಒಂದು ಜಾತಿಯ ಬಳ್ಳಿಯ ರಸ ಬೆರೆಸುತ್ತಿದ್ದರು, ಅದು ರಬ್ಬರಿನ ಪುಟಿತವನ್ನು ಹೆಚ್ಚಿಸುತ್ತಿತ್ತು ಎಂದು 1999ರಲ್ಲಿ ಅಮೆರಿಕದ ಸಂಶೋಧಕರು ಪ್ರಯೋಗ ಮಾಡಿ ತೋರಿಸಿದ್ದಾರೆ. ಅದು ರಾತ್ರಿ ಬಿಳಿ ಹೂ ಬಿಡುವ ಬಳ್ಳಿ, ನಮ್ಮ ಬೇಲಿಗಳ ನೀಲಿ ಹೂವಿನ ಬಳ್ಳಿಯ ಕುಲದ್ದು.

ನಮಗೆ ಬಳ್ಳಿಯೂ ಬೇಡವಾಯಿತು, ಗಂಧಕವೂ ಬೇಡವಾಯಿತು. ಅಂಟುವ ರಬ್ಬರು ಒಳಗಿರಲಿ, ಸೋಮಾರಿ ರಬ್ಬರು ಹೊರಗಿರಲಿ ಎಂದು ಗೇರುಬೀಜದ ಗಾತ್ರದ ತೊಟ್ಟೆಯ ತಿರುಳಿಗೆ ಒಟ್ಟುಪಾಲನ್ನು ಎಳೆದೆಳೆದು ಸುತ್ತಿ ದೊಡ್ಡ ನಿಂಬೆಯಷ್ಟು ಮಾಡಿ, ಮೇಲೆ ನಲವತ್ತು ಉಂಗುರ ಏರಿಸಿದೆವು. ಸುತ್ತುವಾಗ ಎಳೆತ ಸಡಿಲ ಬಿಟ್ಟರೆ ನಡುವೆ ಗಾಳಿ ಉಳಿದು ಪುಟಿತ ಕಡಿಮೆಯಾಗುತ್ತದೆ. ಚೌಕಟ್ಟಿನಿಂದ ಬಿಟ್ಟ ಚೆಂಡು ಸೊಂಟಕ್ಕೆ ಬಂತು. ಹುಡುಗ ನನ್ನ ಮುಖ ನೋಡಲೂ ಇಲ್ಲ, ಚೆಂಡು ಎತ್ತಿಕೊಂಡು ಓಡಿದ. ಅದರ ಮಿತಿಯೂ ಇದೆ. ತೂಗಿದರೆ ನೂರು ಗ್ರಾಮಿನ ಹತ್ತಿರ, ಟೆನಿಸ್ ಚೆಂಡಿನ ಒಂದೂಮುಕ್ಕಾಲು ಪಾಲು, ಮೈಯೂ ಗಟ್ಟಿ. ಲಗೋರಿಗೆ ಅದನ್ನು ತರಲು ಬಿಡಲಿಲ್ಲ. ಗುರುತಿಗೆ ಪುಟಿಯುವ ಚೆಂಡಿಗೆ ಒಂದು ಕೆಂಪು ಬಟ್ಟೆಯ ಎಳೆ ಸಿಕ್ಕಿಸಿಟ್ಟೆವು.

ಇಲ್ಲಿಯವರೆಗಿನದ್ದು ಮಾಡಬಹುದಾದದ್ದು. ಮಾಡಬಾರದ್ದೂ ಇದೆ, ಅದರಲ್ಲಿ ಮೊದಲನೆಯದು ಶಾಟ್‌ಪುಟ್ ಗುಂಡು. ಸಿಮೆಂಟಿನಲ್ಲಿ ಎರಕ ಹೊಯ್ದರಾಯಿತು ಎಂದು ಎಲ್ಲರಿಗೂ ಅನಿಸುತ್ತದೆ. ಒಡೆದ ಪ್ಲಾಸ್ಟಿಕ್ ಚೆಂಡೇ ಅಚ್ಚು. ಲೆಕ್ಕ ಹಾಕಿ ನೋಡಿದರೆ ಆಸೆ ಅಲ್ಲೇ ಇಳಿಯುತ್ತದೆ. 3 ಕಿಲೋ ಕಬ್ಬಿಣದ ಗುಂಡಿನ ಅಡ್ಡಳತೆ ಒಂಬತ್ತು ಸೆಂಟಿಮೀಟರ್. ಕಾಂಕ್ರೀಟು ಕಬ್ಬಿಣದ ಮೂರನೆಯ ಒಂದು ಪಾಲಿಗಿಂತಲೂ ಹಗುರ, ಹಾಗಾಗಿ ಅದೇ 3 ಕಿಲೋಗೆ ಗುಂಡು ಹದಿಮೂರು ಸೆಂಟಿಮೀಟರ್ ದಾಟುತ್ತದೆ. ಅದು ಮಗುವಿನ ಬೆರಳುಗಳ ಬುಡದಲ್ಲಿ ಕೂರುವುದಿಲ್ಲ, ಅಂಗೈಗೆ ಜಾರುತ್ತದೆ. ಅಂಗೈಗೆ ಬಂದ ಗುಂಡನ್ನು ಮಗು ತಳ್ಳುವುದಿಲ್ಲ, ಕಲ್ಲಿನ ಹಾಗೆ ಎಸೆಯುತ್ತದೆ. ಭುಜ ಉಳುಕುವುದು ಆಗಲೇ. ಕಲಿತದ್ದೂ ತಪ್ಪೇ, ಸಬ್‌ಜಿಲ್ಲಾ ಕ್ರೀಡಾಕೂಟದಲ್ಲಿ ಕಬ್ಬಿಣ ಕೈಗೆ ಬಂದಾಗ ಎಲ್ಲ ಮೊದಲಿನಿಂದ. ಕೈಯಲ್ಲಿರುವ ನಾಲ್ಕು ಕಾಸನ್ನು ಎಲ್ಲಿ ಹಾಕಬೇಕು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದಕ್ಕೇ. ಒಂದು ಕಬ್ಬಿಣದ ಗುಂಡು ಕೊಳ್ಳಿ, ಅದು ನಿಮ್ಮ ನಿವೃತ್ತಿಯ ನಂತರವೂ ಇರುತ್ತದೆ. ಚೆಂಡಿಗೆ, ಹರ್ಡಲಿಗೆ ಕೊಡಬೇಡಿ.

ಸಣ್ಣ ಕ್ಲಾಸಿನವರಿಗೆ ಗುಂಡೇ ಬೇಕಿಲ್ಲ. ಆ ಗಾಳಿ ನಿಲ್ಲದ ಫುಟ್‌ಬಾಲುಗಳು ಅಲ್ಲಿಗೆ ಒದಗಿದವು. ಹೊಲಿಗೆ ನಾಲ್ಕು ಬೆರಳು ಬಿಚ್ಚಿ, ಒಳಗಿನ ಬ್ಲಾಡರ್ ತೆಗೆದು, ತೆಂಗಿನ ನಾರನ್ನು ಕೋಲಿನಿಂದ ಗಿಡಿದು ತುಂಬಿ, ನಟ್ಟನಡುವೆ ಒಂದು ಮರಳಿನ ಪೊಟ್ಟಣ. ಒಟ್ಟು ತೂಕ 1 ಕಿಲೋ ಬರುವಷ್ಟು. ಬರೀ ಮರಳು ಸುರಿದರೆ ಅದು ಒಳಗೇ ಓಡಾಡಿ ಚೆಂಡು ಗಾಳಿಯಲ್ಲಿ ಮಗ್ಗುಲು ಬದಲಿಸುತ್ತದೆ. ಎರಡು ಕೈಯಲ್ಲಿ ಎದೆಯಿಂದ ತಳ್ಳುವುದು, ತಲೆಯ ಮೇಲಿಂದ ಹಿಂದಕ್ಕೆ ಎಸೆಯುವುದು, ಇಷ್ಟು ಕಲಿತ ಮಗುವಿಗೆ ಮುಂದೆ ಗುಂಡು ತಾನಾಗಿ ಬರುತ್ತದೆ.

ಮಾಡಬಾರದ್ದರಲ್ಲಿ ಎರಡನೆಯದು ಹೈಜಂಪಿನ ಹಾಸಿಗೆ. ಡಿಕ್ ಫಾಸ್‌ಬರಿ 1968ರ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ ಬೆನ್ನು ಕೆಳಗೆ ಮಾಡಿ 2.24 ಮೀಟರ್ ಹಾರಿ ಚಿನ್ನ ಗೆದ್ದದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ ಹೆಚ್ಚಿನವರು ಹಾಗೆ ಹಾರುವ ಗೋಜಿಗೆ ಹೋಗದಿರಲು ಸರಳ ಕಾರಣವೊಂದಿತ್ತು. ಬೀಳುತ್ತಿದ್ದದ್ದು ಮರಳಿಗೆ, ಮರದ ಹೊಟ್ಟಿಗೆ. ಅಲ್ಲಿ ಕಾಲೂರಿಯೇ ಇಳಿಯಬೇಕು. ಫೋಮಿನ ದಪ್ಪ ಹಾಸಿಗೆ ಬಂದ ಮೇಲೆ ಆ ಹಾರುವಿಕೆ ಬಂತು. ಮಕ್ಕಳು ಮೊಬೈಲಿನಲ್ಲಿ ನೋಡುವುದು ಫಾಸ್‌ಬರಿಯ ಹಾರುವಿಕೆ. ಬೈಹುಲ್ಲಿನ ಚೀಲ ಒಟ್ಟಿ, ಹಾಸ್ಟೆಲಿನ ಹಳೆಯ ಹಾಸಿಗೆ ಎರಡು ಜೋಡಿಸಿ ಹಾಗೆ ಹಾರಲು ಬಿಡುವವರನ್ನು ಕಂಡಿದ್ದೇನೆ. ಎರಡು ಹಾಸಿಗೆಯ ನಡುವಿನ ಸಂದು ಕುತ್ತಿಗೆಗೆ ಕಾದು ಕೂತಿರುತ್ತದೆ. ಮರಳಿನ ಗುಂಡಿ ಇರುವ ಶಾಲೆಯಲ್ಲಿ ಕತ್ತರಿ ಹಾರುವಿಕೆ ಮಾತ್ರ, ಒಂದು ಕಾಲಿನ ಹಿಂದೆ ಇನ್ನೊಂದು ಕಾಲು ಹಾಕಿ ನಿಂತೇ ಇಳಿಯುವುದು. ಇದರಲ್ಲಿ ನಾನು ರಾಜಿ ಮಾಡಿಕೊಂಡವನಲ್ಲ. ಬೇಕಾದರೆ ಅಡ್ಡಕೋಲಿನ ಬದಲು ಟ್ಯೂಬಿನ ಉಂಗುರಗಳನ್ನು ಗಂಟುಹಾಕಿದ ಸರ ಕಟ್ಟಿ, ತಾಗಿದರೆ ಹಿಗ್ಗುತ್ತದೆ, ಬೆನ್ನಿಗೆ ಕೋಲು ಸಿಕ್ಕುವ ಭಯವಿಲ್ಲ.

ಗುಂಡಿಯ ಮರಳಿನ ಮಾತೂ ಒಂದು ಸಾಲು. ದುಡ್ಡಿಲ್ಲವೆಂದು ಕ್ರಷರಿನ ಜಲ್ಲಿಪುಡಿ ತುಂಬುವುದು ಈಗ ಕಾಣುತ್ತದೆ. ಮೊದಲ ಮಳೆಗೆ ಅದು ಗಚ್ಚಿನ ಹಾಗೆ ಗಟ್ಟಿಯಾಗುತ್ತದೆ. ತೆಂಗಿನ ನಾರಿನ ಪುಡಿ ಬೇಸಿಗೆಯಲ್ಲಿ ಹಂಸತೂಲಿಕಾತಲ್ಪ, ಆದರೆ ತನ್ನ ತೂಕದ ಎಷ್ಟೋ ಪಾಲು ನೀರು ಹೀರುವುದರಿಂದ ಮಳೆಗಾಲ ಮುಗಿದು ತಿಂಗಳಾದರೂ ಕೆಸರು. ನಮ್ಮ ಕ್ರೀಡಾಕೂಟಗಳು ಬರುವುದೇ ಮಳೆಯ ಬಾಲ ಹಿಡಿದುಕೊಂಡು. ಮರಳಿನೊಂದಿಗೆ ನಾಲ್ಕರಲ್ಲಿ ಒಂದು ಪಾಲು ಬೆರೆಸಿ, ದಿನಾ ಬೆಳಗ್ಗೆ ಗುದ್ದಲಿಯಲ್ಲಿ ಮಗುಚಿದರೆ ಪರವಾಗಿಲ್ಲ. ಬರಿಗಾಲಲ್ಲಿ ಹಾರಿದಾಗ ಹಿಮ್ಮಡಿ ಮುಚ್ಚುವಷ್ಟು ಹೂತರೆ ಗುಂಡಿ ಸರಿಯಿದೆ ಎಂದು ಲೆಕ್ಕ.

ಆ ವರ್ಷ ಎಂಟು ಹರ್ಡಲು ಮಾಡಿದೆವು. ಮೊಣಕಾಲು ತರಚಿಕೊಂಡವಳೇ ಅವುಗಳ ಉಸ್ತುವಾರಿ. ಓಟಕ್ಕೆ ಮೊದಲು ಸಾಲಿನ ಬದಿಯಲ್ಲಿ ನಡೆಯುತ್ತ ಒಂದೊಂದರ ಅಡ್ಡಪಟ್ಟಿಯನ್ನು ಒಂದು ಬೆರಳಿನಿಂದ ಮುಂದಕ್ಕೆ ದೂಡಿ ನೋಡುತ್ತಿದ್ದಳು. ಮಗುಚಿದರೆ ಎತ್ತಿ ನಿಲ್ಲಿಸಿ ಮುಂದಿನದಕ್ಕೆ. ಒಂದು ದಿನ ಐದನೆಯದು ಮಗುಚಲಿಲ್ಲ. ಬಗ್ಗಿ ನೋಡಿದರೆ ಯಾರೋ ಬಾಟಲಿಯನ್ನು ಪಾದದ ತುದಿಗೆ ಸರಿಸಿ ಬಿಟ್ಟಿದ್ದರು. ಗೆರೆಗೆ ತಂದು, ಇನ್ನೊಮ್ಮೆ ದೂಡಿ, ಬಿದ್ದದ್ದು ಖಾತ್ರಿಯಾದ ಮೇಲೆಯೇ ಸೀಟಿ ಊದಬಹುದು ಎಂದು ನನಗೆ ಕೈಸನ್ನೆ ಮಾಡಿದಳು.